ಶುಶ್ರೂಷಕಿಯರು ಮತ್ತು ಅಂಗಡಿ ಸಿಬ್ಬಂದಿಯ ಮೇಲಿನ ಹಿಂಸೆ: ಅಪಾಯದ ಅಂದಾಜು ಮತ್ತು ತಡೆ

ಕೆಲಸದ ಅವಧಿಯಲ್ಲಿ ಅಥವಾ ಕೆಲಸದ ಕಾರಣದಿಂದ ಉದ್ಯೋಗಿಯ ಮೇಲೆ ನಡೆಯುವ ಹಲ್ಲೆ, ಬೆದರಿಕೆ, ನಿಂದನೆ ಮತ್ತು ಲೈಂಗಿಕ ಕಿರುಕುಳವನ್ನು ಒಟ್ಟಾಗಿ ಕೆಲಸದ ಸ್ಥಳದ ಹಿಂಸೆ ಎನ್ನುತ್ತಾರೆ. ಸಾರ್ವಜನಿಕರೊಡನೆ ಎದುರುಬದುರಾಗಿ ವ್ಯವಹರಿಸುವ ಶುಶ್ರೂಷಕಿಯರು ಮತ್ತು ಅಂಗಡಿಯ ಸಿಬ್ಬಂದಿ ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಈ ಲೇಖನವು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಸಣ್ಣ ಆಸ್ಪತ್ರೆಗಳನ್ನೂ ಅಂಗಡಿಗಳನ್ನೂ ಮುಂದಿಟ್ಟುಕೊಂಡು, ಅಪಾಯವನ್ನು ಮುಂಚಿತವಾಗಿ ಅಂದಾಜು ಮಾಡುವ ಬಗೆಯನ್ನು ವಿವರಿಸುತ್ತದೆ.

ವರ್ಗೀಕರಣ

ಹಿಂಸೆ ಎಸಗುವವನಿಗೂ ಕೆಲಸದ ಸ್ಥಳಕ್ಕೂ ಇರುವ ಸಂಬಂಧವನ್ನು ಆಧರಿಸಿ ನಾಲ್ಕು ಬಗೆಗಳನ್ನು ಗುರುತಿಸುವುದು ರೂಢಿ. ಕಳ್ಳತನ ಅಥವಾ ದರೋಡೆಗೆಂದೇ ಬಂದವನಿಂದ ಆಗುವುದು ಮೊದಲನೆಯದು. ರೋಗಿ, ರೋಗಿಯ ಕಡೆಯವರು ಅಥವಾ ಗಿರಾಕಿಯಿಂದ ಆಗುವುದು ಎರಡನೆಯದು. ಸಹೋದ್ಯೋಗಿಯಿಂದ ಆಗುವುದು ಮೂರನೆಯದು. ಉದ್ಯೋಗಿಯ ಮನೆಯವರು ಅಥವಾ ಪರಿಚಿತರು ಕೆಲಸದ ಜಾಗಕ್ಕೇ ಬಂದು ಎಸಗುವುದು ನಾಲ್ಕನೆಯದು. ಅಂಗಡಿಯ ವಿಷಯದಲ್ಲಿ ಮೊದಲನೆಯದೂ ಆಸ್ಪತ್ರೆಯ ವಿಷಯದಲ್ಲಿ ಎರಡನೆಯದೂ ತಟ್ಟನೆ ನೆನಪಿಗೆ ಬರುತ್ತವೆ. ಉಳಿದವು ಮರೆತುಹೋಗುತ್ತವೆ. ಬಗೆ ಬದಲಾದಂತೆ ತಡೆಯ ಉಪಾಯವೂ ಬದಲಾಗುವುದರಿಂದ ಈ ಮರೆವು ದುಬಾರಿಯಾದುದು.

ಅರುಣಾ ಶಾನಭಾಗ ಪ್ರಕರಣ

ಮೂರನೆಯ ಬಗೆಗೆ ಎಲ್ಲರೂ ಬಲ್ಲ ನಿದರ್ಶನ ಘಟ್ಟದ ಕೆಳಗಿನ ಹಳದೀಪುರದಿಂದ ಮುಂಬಯಿಗೆ ಹೋಗಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರದು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದನು. ಅವರು ಪತ್ತೆಯಾದದ್ದು ಮರುದಿನ ಬೆಳಿಗ್ಗೆ. ಮಿದುಳಿಗೆ ಆಮ್ಲಜನಕ ತಲುಪದೆ ಪ್ರಜ್ಞೆ ಕಳೆದುಕೊಂಡ ಅವರನ್ನು ಅಲ್ಲಿನ ಶುಶ್ರೂಷಕಿಯರೇ 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೂ ಆರೈಕೆ ಮಾಡಿದರು. ದಯಾಮರಣದ ಬಗೆಗಿನ ಸುಪ್ರೀಂ ಕೋರ್ಟಿನ 2011ರ ತೀರ್ಪಿನಿಂದ ಈ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಅದು ಮೂಲತಃ ಕೆಲಸದ ಸ್ಥಳದ ಸುರಕ್ಷತೆಯ ಪ್ರಕರಣ ಎಂಬುದು ಆ ಚರ್ಚೆಯಲ್ಲಿ ಹಿಂದೆ ಸರಿಯಿತು.

ಅಪಾಯದ ಅಂದಾಜಿನ ದೃಷ್ಟಿಯಿಂದ ಇಲ್ಲಿ ಮೂರು ಸಂಗತಿಗಳು ಕಾಣುತ್ತವೆ. ಬಟ್ಟೆ ಬದಲಿಸುವ ಜಾಗ ಜನಸಂಚಾರವಿಲ್ಲದ ಮೂಲೆಯಲ್ಲಿತ್ತು. ನಾಯಿಗಳ ಆಹಾರದ ಕಳವಿನ ವಿಷಯವಾಗಿ ಆ ನೌಕರನಿಗೂ ಅವರಿಗೂ ಮೊದಲೇ ಮನಸ್ತಾಪವಿತ್ತು ಎಂದು ಹೇಳಲಾಗಿದೆ. ಪಾಳಿ ಮುಗಿಸಿದವರು ಹೊರಗೆ ಹೋದರೇ ಎಂದು ಯಾರೂ ಎಣಿಸಲಿಲ್ಲ. ಈ ಮೂರೂ ಘಟನೆಗೆ ಮುಂಚೆಯೇ ತಿಳಿಯಬಹುದಾಗಿದ್ದವು.

ಅಂದಾಜು ಮಾಡುವ ಕ್ರಮ

ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಒಂಟಿಯಾಗಿರುತ್ತಾರೆ, ಎದುರಿಗಿರುವವರಿಗೆ ಏನು ಸಿಗದೆ ಹೋಗುತ್ತದೆ ಎಂಬ ಪ್ರಶ್ನೆಗಳಿಂದ ಕೆಲಸ ಆರಂಭವಾಗುತ್ತದೆ. ಪಾಳಿಯಲ್ಲಿ ದುಡಿಯುವವರೇ ಕಟ್ಟಡವನ್ನು ಹಗಲೊಮ್ಮೆ, ರಾತ್ರಿಯೊಮ್ಮೆ ಸುತ್ತಿ ಉತ್ತರ ಬರೆಯಬೇಕು. ಬಳಿಕ ಪ್ರತಿ ಸನ್ನಿವೇಶಕ್ಕೂ ಸಂಭವನೀಯತೆಗೆ 1ರಿಂದ 5, ಪರಿಣಾಮದ ತೀವ್ರತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸುತ್ತಾರೆ.

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ತಾಲೂಕು ಆಸ್ಪತ್ರೆ, ಜುಲೈ ತಿಂಗಳ ಮಳೆರಾತ್ರಿ ಒಂದೂವರೆ ಗಂಟೆ. ವಾರ್ಡಿನಲ್ಲಿ ಇಬ್ಬರು ಶುಶ್ರೂಷಕಿಯರು. ಶಿವಮೊಗ್ಗಕ್ಕೆ ಕಳುಹಿಸಬೇಕಾದ ರೋಗಿಯೊಬ್ಬನಿದ್ದಾನೆ, ಜೊತೆಗೆ ಎಂಟು ಹತ್ತು ಮಂದಿ ಬಂದಿದ್ದಾರೆ. ಆಂಬುಲೆನ್ಸ್ ಮತ್ತೊಬ್ಬರನ್ನು ಕರೆದುಕೊಂಡು ಹೋಗಿದೆ. ಈ ಮೂರೂ ಊರುಗಳಿಂದ ಶಿವಮೊಗ್ಗ ಸುಮಾರು 60ರಿಂದ 70 ಕಿ.ಮೀ. ದೂರವಿರುವುದರಿಂದ ಹೋಗಿ ಬರಲು ಮೂರು ಗಂಟೆಯಾದರೂ ಬೇಕು. ಇಲ್ಲಿ ಬೈಗುಳ, ತಳ್ಳಾಟಗಳ ಸಂಭವನೀಯತೆ 4, ತೀವ್ರತೆ 3, ಗುಣಲಬ್ಧ 12. ಅದೇ ಆಸ್ಪತ್ರೆಯ ಹಿಂಬದಿಯಲ್ಲಿರುವ, ಒಳಗಿನಿಂದ ಚಿಲಕವಿಲ್ಲದ ಬಟ್ಟೆ ಬದಲಿಸುವ ಕೋಣೆಗೆ ಸಂಭವನೀಯತೆ 1, ತೀವ್ರತೆ 5, ಗುಣಲಬ್ಧ 5. ಲೆಕ್ಕವನ್ನಷ್ಟೇ ನಂಬಿದರೆ ಆ ಕೋಣೆ ಪಟ್ಟಿಯ ತಳಕ್ಕೆ ಜಾರುತ್ತದೆ. ಈ ವಿಧಾನದ ದೊಡ್ಡ ದೋಷ ಇದೇ. ಆದ್ದರಿಂದ ತೀವ್ರತೆ 5 ಇರುವ ಯಾವ ಸನ್ನಿವೇಶವನ್ನೂ ಗುಣಲಬ್ಧ ನೋಡದೆ ಮೊದಲು ಸರಿಪಡಿಸಬೇಕು. ಮೇಲಾಗಿ, ಚಿಲಕ ಹಾಕಿಸಲು ಹೆಚ್ಚು ಹಣವೇನೂ ಬೇಕಿಲ್ಲ.

ಆಂಬುಲೆನ್ಸಿಗಾಗಿ ಕಾಯುವ ಸನ್ನಿವೇಶದಲ್ಲಿ ಸಿಟ್ಟು ಹುಟ್ಟುವುದು ತಡದಿಂದ ಮಾತ್ರವಲ್ಲ, ಯಾರೂ ಏನೂ ಹೇಳದಿರುವುದರಿಂದಲೂ. ಬಂದವರಲ್ಲಿ ಒಬ್ಬರನ್ನು ಮಾತಿಗೆ ಗೊತ್ತುಮಾಡಿಕೊಂಡು, ಹೊಸ ಸುದ್ದಿ ಇಲ್ಲದಿದ್ದರೂ ಕಾಲುಗಂಟೆಗೊಮ್ಮೆ ಅವರಿಗೆ ಸ್ಥಿತಿ ತಿಳಿಸಬೇಕು. ಉಳಿದವರಿಗೆ ವಾರ್ಡಿನ ಹೊರಗೆ ಬೆಳಕಿರುವ ಕಡೆ ಕೂರಲು ಜಾಗ ಬೇಕು. ಶುಶ್ರೂಷಕಿಯ ಕುರ್ಚಿ ಬಾಗಿಲಿನ ಕಡೆಗಿರಬೇಕು. ಆಕೆಗೂ ಬಾಗಿಲಿಗೂ ನಡುವೆ ಜನ ಗುಂಪುಗೂಡುವಂತಿರಬಾರದು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಒಟ್ಟಿಗೇ ಹೋಗುವುದುಂಟು. ಹಾಗಾಗಿ 112ಕ್ಕೆ ಕರೆ ಮಾಡುವುದನ್ನೊಂದೇ ನೆಚ್ಚದೆ, ಬ್ಯಾಟರಿಯಿಂದ ನಡೆಯುವ ಗಂಟೆಯನ್ನು ಕಾವಲುಗಾರನ ಕೋಣೆಗೆ ಜೋಡಿಸಿ ವಾರಕ್ಕೊಮ್ಮೆ ಒತ್ತಿ ನೋಡಬೇಕು. ಗಂಟೆ ಬಾರಿಸಿದಾಗ ಯಾರು ಓಡಿ ಬರಬೇಕೆಂದು ಗೊತ್ತುಮಾಡದಿದ್ದರೆ ಅದು ಇದ್ದೂ ಇಲ್ಲದಂತೆ.

ಹಲ್ಲೆಗೆ ಮುನ್ನ ಹಲವು ಸಲ ಸೂಚನೆಗಳು ಕಾಣುತ್ತವೆ: ದಿಟ್ಟಿಸಿ ನೋಡುವುದು, ದನಿ ಏರುವುದು, ಚಡಪಡಿಕೆ, ತನ್ನಷ್ಟಕ್ಕೆ ಗೊಣಗುವುದು, ಅತ್ತಿತ್ತ ಶತಪಥ ಹಾಕುವುದು. ಇವು ಒಂದರ ಮೇಲೊಂದು ಕೂಡಿಬಂದರೆ ಒಬ್ಬರೇ ಹತ್ತಿರ ಹೋಗಬಾರದು. ಆದರೆ ರೆಗ್ಗುವವನು ರೋಗಿಯೇ ಆಗಿದ್ದರೆ ಮೊದಲು ಕಾಯಿಲೆಯನ್ನು ಶಂಕಿಸಬೇಕು. ರಕ್ತದ ಸಕ್ಕರೆಯ ಕುಸಿತ, ತಲೆಗೆ ಬಿದ್ದ ಪೆಟ್ಟು, ವಿಪರೀತ ಜ್ವರ, ಕುಡಿತ ಏಕಾಏಕಿ ನಿಂತ ಪರಿಣಾಮ, ಇವೆಲ್ಲ ಮನುಷ್ಯನನ್ನು ಉದ್ರಿಕ್ತನನ್ನಾಗಿಸಬಲ್ಲವು.

ಅಂಗಡಿಗಳಲ್ಲಿ

ಅಂಗಡಿಯಲ್ಲಿ ಅಪಾಯದ ಹೊತ್ತು ಬಾಗಿಲು ಹಾಕುವ ಸಮಯ. ದಿನದ ಗಳಿಕೆಯೆಲ್ಲ ಗಲ್ಲಾಪೆಟ್ಟಿಗೆಯಲ್ಲಿದ್ದು, ಸಿಬ್ಬಂದಿ ಒಬ್ಬರೇ ಉಳಿದಿರುತ್ತಾರೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗಳಂತಹ ದಿನಗಳಲ್ಲಿ ನಗದು, ಜನಸಂದಣಿ ಎರಡೂ ಹೆಚ್ಚುವುದರಿಂದ ಆ ದಿನಗಳಿಗೆ ಬೇರೆಯೇ ಅಂದಾಜು ಬೇಕು. ಹಣವನ್ನು ದಿನಕ್ಕೆ ಎರಡು ಮೂರು ಬಾರಿ, ಹೊತ್ತು ಬದಲಿಸುತ್ತ, ಬೇರೆಡೆಗೆ ಸಾಗಿಸುವುದು, ಗಾಜಿನ ಮೇಲಿನ ಜಾಹೀರಾತು ಚೀಟಿಗಳನ್ನು ಕಿತ್ತು ಗಲ್ಲಾ ಬೀದಿಗೆ ಕಾಣುವಂತೆ ಮಾಡುವುದು, ಬಾಗಿಲು ಹಾಕುವಾಗ ಇಬ್ಬರಿರುವುದು, ಇವಿಷ್ಟರಿಂದಲೇ ದರೋಡೆಯ ಆಕರ್ಷಣೆ ತಗ್ಗುತ್ತದೆ. ಆಯುಧ ತೋರಿಸಿದರೆ ಹಣ ಕೊಟ್ಟುಬಿಡಬೇಕು. ಹೋದ ಹಣವನ್ನು ಸಂಬಳದಲ್ಲಿ ಮುರಿಯುವುದಿಲ್ಲವೆಂದು ಮಾಲೀಕರು ಮೊದಲೇ ಹೇಳಿರಬೇಕು. ಹಾಗೆ ಹೇಳದಿದ್ದರೆ ನೌಕರ ಎದುರಿಸಿ ನಿಲ್ಲುತ್ತಾನೆ, ಪೆಟ್ಟು ತಿನ್ನುತ್ತಾನೆ.

ಔಷಧಿ ಅಂಗಡಿಗಳಲ್ಲಿ ಇನ್ನೊಂದು ತೊಡಕಿದೆ. ವೈದ್ಯರ ಚೀಟಿಯಿಲ್ಲದೆ ನಿದ್ರೆಯ ಮಾತ್ರೆ ಕೇಳುವವರು ನಿರಾಕರಣೆಯನ್ನು ಅವಮಾನವೆಂದು ಭಾವಿಸುತ್ತಾರೆ. “ನಾನು ಕೊಡುವುದಿಲ್ಲ” ಎನ್ನುವ ಬದಲು “ಚೀಟಿಯಿಲ್ಲದೆ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ” ಎಂದು ಗೋಡೆಯ ಫಲಕವನ್ನು ತೋರಿಸಿದರೆ ಜಗಳವು ವ್ಯಕ್ತಿಯಿಂದ ನಿಯಮದ ಕಡೆಗೆ ಸರಿಯುತ್ತದೆ.

ದಾಖಲೆ ಮತ್ತು ಕಾನೂನು

ಸಣ್ಣ ಊರುಗಳಲ್ಲಿ ಕೈಮಾಡಿದವನು ಪರಿಚಿತನೋ ನೆಂಟನ ನೆಂಟನೋ ಆಗಿರುತ್ತಾನೆ. ಹಿರಿಯರು ಕುಳಿತು ರಾಜಿ ಮಾಡಿಸುತ್ತಾರೆ, ಘಟನೆ ಎಲ್ಲಿಯೂ ಬರಹಕ್ಕೆ ಇಳಿಯುವುದಿಲ್ಲ. ಮುಂದಿನ ಅಂದಾಜಿನಲ್ಲಿ “ಇಲ್ಲಿ ಅಂಥದ್ದು ನಡೆದೇ ಇಲ್ಲ” ಎಂದು ಸಂಭವನೀಯತೆಗೆ 1 ಬೀಳುತ್ತದೆ. ರಾಜಿಯಾದರೂ ಘಟನೆಯ ಪುಸ್ತಕದಲ್ಲಿ ದಿನ, ಹೊತ್ತು, ಜಾಗ, ಕಾರಣ, ಆಗ ಅಲ್ಲಿದ್ದವರು ಯಾರು ಎಂಬುದನ್ನು ಬರೆಯಲೇಬೇಕು. ಬರಿಯ ಬೈಗುಳವನ್ನೂ ಬಿಡಬಾರದು.

ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರ ವಿಶೇಷ ಕಾಯ್ದೆಯಿದೆ. ಶುಶ್ರೂಷಕಿಯರೂ ಅದರ ವ್ಯಾಪ್ತಿಗೆ ಬರುತ್ತಾರೆ ಮತ್ತು ಅಪರಾಧ ಜಾಮೀನುರಹಿತವಾದುದು. ಅಂಗಡಿ ನೌಕರರಿಗೆ ಅಂತಹ ಪ್ರತ್ಯೇಕ ಕಾಯ್ದೆಯಿಲ್ಲ. ಸಾಮಾನ್ಯ ದಂಡಸಂಹಿತೆಯೇ ಅನ್ವಯಿಸುತ್ತದೆ. ಲೈಂಗಿಕ ಕಿರುಕುಳದ ವಿಷಯದಲ್ಲಿ ಮಾತ್ರ 2013ರ ಕೇಂದ್ರ ಕಾಯ್ದೆ ಇಬ್ಬರಿಗೂ ಸಮಾನ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಬ್ಬರು ಮೂವರು ದುಡಿಯುವ ಬಟ್ಟೆ ಅಂಗಡಿಯ ಹುಡುಗಿ, ಅಥವಾ ಮಾಲೀಕನ ವಿರುದ್ಧವೇ ದೂರು ಇರುವವಳು, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬಹುದು.