ಆರು ಪುಟದ ಸಿ.ವಿ.ಯನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಪಿಎಚ್.ಡಿ. ಮುಗಿಸಿದವರ ಸಿ.ವಿ. ಸಾಮಾನ್ಯವಾಗಿ ಐದಾರು ಪುಟಗಳಷ್ಟಿರುತ್ತದೆ. ಅಧ್ಯಾಪಕ ಹುದ್ದೆಗೆ ಅದು ಸರಿ. ಅಲ್ಲಿ ಪ್ರಕಟಿತ ಪ್ರಬಂಧ, ಸಮ್ಮೇಳನ, ಬೋಧನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಂಪನಿಯ ಕೆಲಸಕ್ಕೆ ಅರ್ಜಿ ಹಾಕುವಾಗ ಮಾತು ಬೇರೆ. ಈ ಹುದ್ದೆಯ ಕೆಲಸವನ್ನು ಅಭ್ಯರ್ಥಿ ಈಗಾಗಲೇ ಎಷ್ಟು ಮಾಡಿದ್ದಾರೆ ಎಂಬುದನ್ನೇ ಅಲ್ಲಿ ಮೊದಲು ನೋಡುತ್ತಾರೆ.

ಒಂದು ಉದಾಹರಣೆ ನೋಡೋಣ. ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ ಯುವತಿಯೊಬ್ಬಳು ಬೆಂಗಳೂರಿನ ಔಷಧ ಕಂಪನಿಯೊಂದರ ವಿಶ್ಲೇಷಣಾ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಜಾಹೀರಾತಿನಲ್ಲಿ ಕೇಳಿರುವುದು ಮೂರು: ಎಚ್‌ಪಿಎಲ್‌ಸಿ ಯಂತ್ರದಲ್ಲಿ ಪರೀಕ್ಷಾ ವಿಧಾನ ರೂಪಿಸುವುದು, ಆ ವಿಧಾನ ನಂಬಲರ್ಹವೆಂದು ಪರಿಶೀಲಿಸುವುದು, ದಾಖಲೆ ಬರೆಯುವುದು. ಎಚ್‌ಪಿಎಲ್‌ಸಿ ಎಂದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಔಷಧದಲ್ಲಿ ಕಲ್ಮಶ ಎಷ್ಟಿದೆ ಎಂದು ತಿಳಿಯಲು ಅದನ್ನು ಬಳಸುತ್ತಾರೆ.

ಅವಳ ಸಿ.ವಿ. ಆರು ಪುಟ. ಮೊದಲ ಪುಟದಲ್ಲಿ ಪಿಎಚ್.ಡಿ. ಪ್ರಬಂಧದ ಉದ್ದ ಶೀರ್ಷಿಕೆ, ಎಸ್ಸೆಸ್ಸೆಲ್ಸಿಯಿಂದ ಎಲ್ಲ ಅಂಕಗಳು. ಮುಂದೆ 9 ಪ್ರಬಂಧ, 14 ಸಮ್ಮೇಳನ. ಐದನೆಯ ಪುಟದಲ್ಲಿ ‘ಗೊತ್ತಿರುವ ತಂತ್ರಗಳು: ಎಚ್‌ಪಿಎಲ್‌ಸಿ, ಎನ್‌ಎಂಆರ್, ಐಆರ್’ ಎಂಬ ಒಂದೇ ಸಾಲು. ಕೊನೆಯಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ‘ಮೇಲಿನ ವಿವರಗಳು ನಿಜ’ ಎಂಬ ಘೋಷಣೆ. ಕಂಪನಿಗೆ ಬೇಕಾದ ಮಾತು ಐದನೆಯ ಪುಟದ ಅರ್ಧ ಸಾಲಿನಲ್ಲಿ ಅಡಗಿದೆ.

ಮೊದಲ ಹೆಜ್ಜೆ, ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು ಸಿ.ವಿ.ಯ ಪ್ರತಿ ಸಾಲಿಗೂ ಗುರುತು ಹಾಕುವುದು. ಕೇಳಿದ ಕೆಲಸಕ್ಕೆ ನೇರ ಸಂಬಂಧವಿರುವುದಕ್ಕೆ ಒಂದು ಗುರುತು, ಅದನ್ನು ಬೆಂಬಲಿಸುವುದಕ್ಕೆ ಇನ್ನೊಂದು. ಗುರುತು ಬೀಳದ ಸಾಲು ಪುಟಕ್ಕೆ ಬೇಡ. ಮನೆಯ ವಿವರ, ಘೋಷಣೆ ಇಲ್ಲೇ ಹೋಗುತ್ತವೆ. ಅವು ಮದುವೆಯ ಬಯೋಡೇಟಾಕ್ಕೋ ಸರ್ಕಾರಿ ಅರ್ಜಿಗೋ ಸೇರಿದವು.

ಎರಡನೆಯ ಹೆಜ್ಜೆ, ಅರ್ಧ ಸಾಲಿನಲ್ಲಿ ಅಡಗಿದ್ದನ್ನು ಬಿಡಿಸಿ ಬರೆಯುವುದು. ಅವಳ ಸಂಶೋಧನೆ ಹೊಸ ಸಂಯುಕ್ತಗಳ ತಯಾರಿಕೆಯದು. ಆದರೆ ಅವುಗಳ ಶುದ್ಧತೆ ನೋಡಲು ಎರಡು ವರ್ಷ ಅವಳೇ ಯಂತ್ರ ನಡೆಸಿದ್ದಾಳೆ. ಆಗ ಸಾಲು ಹೀಗಾಗುತ್ತದೆ: ‘40 ಸಂಯುಕ್ತಗಳ ಶುದ್ಧತೆ ಅಳೆಯಲು ಸಿ-18 ಕಾಲಂನಲ್ಲಿ ಎಚ್‌ಪಿಎಲ್‌ಸಿ ವಿಧಾನ ರೂಪಿಸಿದೆ; ಒಂದು ಪರೀಕ್ಷೆಯ ಸಮಯ 35 ನಿಮಿಷದಿಂದ 18ಕ್ಕೆ ಇಳಿಯಿತು.’ ಇಂಥ ನಾಲ್ಕೈದು ಸಾಲುಗಳೇ ಪುಟದ ಮೇಲರ್ಧ. ಪ್ರಬಂಧದ ಶೀರ್ಷಿಕೆ ಒಂದು ಸಾಲಿಗೆ ಇಳಿದು ವಿದ್ಯಾಭ್ಯಾಸದ ಕೆಳಗೆ ಹೋಗುತ್ತದೆ.

ಮೂರನೆಯದು ಪ್ರಕಟಣೆಗಳ ಪಟ್ಟಿ. ತೆಗೆಯಲು ಮನಸ್ಸು ಬಾರದ ಭಾಗ ಇದೇ. ‘9 ಪ್ರಬಂಧಗಳು, 3ರಲ್ಲಿ ಮೊದಲ ಲೇಖಕಿ’ ಎಂದು ಬರೆದು, ವಿಶ್ಲೇಷಣೆಗೆ ಸೇರಿದ ಒಂದನ್ನು ಮಾತ್ರ ಹೆಸರಿಸಿದರೆ ಸಾಕು. ಕೇಳಿದರೆ ಕೊಡಲು ಪೂರ್ತಿ ಪಟ್ಟಿ ಬೇರೆ ಕಡತದಲ್ಲಿರಲಿ.

ಇಲ್ಲಿ ಎರಡು ತಪ್ಪುಗಳು ಆಗುತ್ತವೆ. ಒಂದು, ಏನನ್ನೂ ಬಿಡದೆ ಅಕ್ಷರವನ್ನು ಸಣ್ಣದು ಮಾಡಿ, ಅಂಚು ಕಿರಿದಾಗಿಸಿ, ಎರಡು ಕಾಲಂಗಳಲ್ಲಿ ತುಂಬುವುದು. ಅಕ್ಷರ 10 ಪಾಯಿಂಟ್‌ಗಿಂತ ಕೆಳಗಿಳಿಯಬಾರದು. ಅನೇಕ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಸಾಫ್ಟ್‌ವೇರ್ ಓದುತ್ತದೆ. ಎರಡು ಕಾಲಂ ಇದ್ದರೆ ಸಾಲುಗಳು ಬೆರೆತುಹೋಗಬಹುದು. ಪಿಡಿಎಫ್‌ನ ಬರಹವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಬೇಕು. ಅಲ್ಲಿ ಕ್ರಮ ತಪ್ಪಿದ್ದರೆ ವಿನ್ಯಾಸ ಬದಲಿಸಬೇಕು.

ಇನ್ನೊಂದು, ಜಾಹೀರಾತಿನ ಪದಗಳನ್ನು ಮಾಡದ ಕೆಲಸಕ್ಕೂ ಅಂಟಿಸುವುದು. ವಿಧಾನದ ಪರಿಶೀಲನೆಗೆ ಐಸಿಎಚ್ ಕ್ಯೂ2 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಅದರಲ್ಲಿ ನಿಖರತೆ, ಮತ್ತೆ ಮತ್ತೆ ಅಳೆದರೂ ಅದೇ ಉತ್ತರ ಬರುವುದು ಮೊದಲಾದ ಹಲವು ಪರೀಕ್ಷೆಗಳಿವೆ. ಅವಳು ಎರಡನ್ನಷ್ಟೇ ಮಾಡಿದ್ದರೆ ಆ ಎರಡರ ಹೆಸರನ್ನೇ ಬರೆಯಬೇಕು. ‘ಪೂರ್ಣ ಪರಿಶೀಲನೆ’ ಎಂದು ಬರೆದರೆ ಸಂದರ್ಶನದ ಎರಡನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಪಿಎಚ್.ಡಿ. ವರ್ಷಗಳನ್ನು ‘ಸಂಶೋಧನಾ ಅನುಭವ’ ಎಂದು ತೋರಿಸಬಹುದು. ಕಂಪನಿಯ ಅನುಭವ ಎಂದಲ್ಲ.

ಪುಟ ಸಿದ್ಧವಾದ ಮೇಲೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಅರ್ಧ ನಿಮಿಷ ಕೊಟ್ಟು, ‘ಇದು ಯಾವ ಕೆಲಸಕ್ಕೆ?’ ಎಂದು ಕೇಳಬೇಕು. ‘ಏನೋ ಪರೀಕ್ಷೆ ಮಾಡುವ ಕೆಲಸ’ ಎಂದರೆ ಪುಟ ಸರಿಯಾಗಿದೆ. ‘ತುಂಬಾ ಓದಿದ್ದಾರೆ’ ಎಂದಷ್ಟೇ ಹೇಳಿದರೆ ಇನ್ನೂ ತೆಗೆಯುವುದಿದೆ.

ಆರು ಪುಟದ ಸಿ.ವಿ.ಯನ್ನು ಅಳಿಸಬಾರದು. ಅದು ಗೋದಾಮು, ಒಂದು ಪುಟ ಅಂಗಡಿಯ ಕಟ್ಟೆ. ನಾಳೆ ಅವಳು ಔಷಧ ತಯಾರಿಕಾ ವಿಭಾಗಕ್ಕೆ ಅರ್ಜಿ ಹಾಕಿದರೆ ಸಂಯುಕ್ತ ತಯಾರಿಸಿದ ಕೆಲಸ ಮೇಲೆ ಬರುತ್ತದೆ, ಎಚ್‌ಪಿಎಲ್‌ಸಿ ಕೆಳಗೆ ಹೋಗುತ್ತದೆ.