ನಿಂತಂತೆ ಕಾಣುವ ಉಪಗ್ರಹದ ನಲವತ್ತು ದಿನದ ನಡಿಗೆ

ಅರಕಲಗೂಡಿನ ಮನೆಯೊಂದರ ಮಾಳಿಗೆಯಲ್ಲಿ ದೂರದರ್ಶನದ ಫ್ರೀ ಡಿಶ್ ಹಾಕಿಸಿದ್ದರೆ, ಅದರ ಮುಖ ಆಗ್ನೇಯಕ್ಕಿರುತ್ತದೆ, ಚೆನ್ನಾಗಿಯೇ ಮೇಲೆ ನೋಡುತ್ತಿರುತ್ತದೆ. ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಹಾಗೆಯೇ. ಒಮ್ಮೆ ಬೋಲ್ಟ್ ಬಿಗಿದರೆ ವರ್ಷಗಟ್ಟಲೆ ಮುಟ್ಟುವ ಅಗತ್ಯವಿಲ್ಲ. ಆ ಡಿಶ್ ನೋಡುತ್ತಿರುವ ಉಪಗ್ರಹ ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಕೆಳಗಿನಿಂದ ನೋಡುವವರಿಗೆ ಅದು ನಿಂತಿದೆ. ಆದರೆ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ, ಅಂದರೆ ಊರವರು ಎಂಸಿಎಫ್ ಎಂದು ಕರೆಯುವ ಕಡೆ, ಅದು ನಿಂತಿದೆ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಅದರ ಸ್ಥಾನ, ವೇಗ, ವೇಗೋತ್ಕರ್ಷಗಳನ್ನು ದಿನವೂ ಬೆನ್ನತ್ತಬೇಕು. ಪಿಯುಸಿ ಪುಸ್ತಕದ ‘ಸರಳರೇಖೆಯಲ್ಲಿ ಚಲಿಸುವ ಕಣ’ದ ಪ್ರಶ್ನೆ ಅಲ್ಲಿ ನಿಜವಾದ ಕೆಲಸ. ಆ ಕೆಲಸ ಹುಟ್ಟಿದ ಬಗೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಭೂಮಿಯ ಜೊತೆಜೊತೆಗೇ ಸುತ್ತಿ ಒಂದೇ ಊರಿನ ಮೇಲೆ ನಿಂತಂತೆ ಕಾಣುವ ಕಕ್ಷೆಯಿಂದ ಪ್ರಪಂಚಕ್ಕೆಲ್ಲ ಸಂಪರ್ಕ ಕಲ್ಪಿಸಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದರು. ಅಲ್ಲಿರುವ ಉಪಗ್ರಹಕ್ಕೆ ಸೆಕೆಂಡಿಗೆ 3.07 ಕಿ.ಮೀ. ಜವ. ದಿನಕ್ಕೆ ಸುಮಾರು 2.65 ಲಕ್ಷ ಕಿ.ಮೀ. ದಾರಿ. ಒಂದು ಸುತ್ತು ಮುಗಿದಾಗ ನಕ್ಷತ್ರಗಳ ಲೆಕ್ಕದಲ್ಲಿ ಅದು ಹೊರಟಲ್ಲಿಗೇ ಬಂದಿರುತ್ತದೆ, ಸ್ಥಾನಪಲ್ಲಟ ಸೊನ್ನೆ. ಹಾಸನದ ಲೆಕ್ಕದಲ್ಲಂತೂ ಅದು ಹೊರಡಲೇ ಇಲ್ಲ. ಹಾಸನದಲ್ಲಿ ಬಸ್ ಹತ್ತಿ ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿಕೊಂಡು ಮತ್ತೆ ಹಾಸನದಲ್ಲೇ ಇಳಿದರೂ ನೂರು ಕಿಲೋಮೀಟರಿನ ಆಸುಪಾಸಿನ ಟಿಕೆಟ್ ಹಣ ಕೊಡಲೇಬೇಕಲ್ಲ, ಇದೂ ಹಾಗೆಯೇ. ಕ್ರಮಿಸಿದ ದೂರ ಒಂದು, ಹೊರಟಲ್ಲಿಂದ ಈಗಿರುವಲ್ಲಿಗೆ ಇರುವ ಅಂತರ ಇನ್ನೊಂದು. ಉಪಗ್ರಹದ ಮಟ್ಟಿಗೆ ಟಿಕೆಟ್ ಹಣ ಯಾವುದು ಎಂಬುದಕ್ಕೆ ಆಮೇಲೆ ಬರೋಣ.

ಭೂಮಿ ಸರಿಯಾದ ಗುಂಡಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1963ರ ಜುಲೈಯಲ್ಲಿ ಅಮೆರಿಕ ಸಿಂಕಾಮ್-2 ಎಂಬ ಉಪಗ್ರಹವನ್ನು ಹಾರಿಸಿ ಬ್ರೆಜಿಲ್ ಕಡೆಯ ರೇಖಾಂಶದಲ್ಲಿ ಇರಿಸಿತು. ಅದು ನಿಲ್ಲಲಿಲ್ಲ. ಪಶ್ಚಿಮಕ್ಕೆ ಸರಿಯತೊಡಗಿತು, ಸರಿಯುವ ವೇಗವೂ ದಿನೇ ದಿನೇ ಹೆಚ್ಚಿತು. ವೇಗ ಒಂದೇ ಸಮ ಇದ್ದಿದ್ದರೆ ಆರಂಭದಲ್ಲಿ ಕೊಟ್ಟ ನೂಕು ತುಸು ತಪ್ಪಿತ್ತು ಎನ್ನಬಹುದಿತ್ತು. ವೇಗವೇ ಬದಲಾಗುತ್ತಿದೆ ಎಂದರೆ ಅಲ್ಲೊಂದು ಬಲ ಎಳೆಯುತ್ತಿದೆ ಎಂದೇ ಅರ್ಥ. ನಾಸಾದ ಕಾರ್ಲ್ ವ್ಯಾಗ್ನರ್ 1964ರಲ್ಲಿ ಆ ಜಾರುವಿಕೆಯ ಅಳತೆಗಳಿಂದಲೇ ಭೂಮಿಯ ಆಕಾರವನ್ನು ಲೆಕ್ಕ ಹಾಕಿದರು. ಸಮಭಾಜಕ ವೃತ್ತ ನಿಜವಾದ ವೃತ್ತವಲ್ಲ, ಕೊಂಚ ಅಂಡಾಕಾರ. ಅದರ ಅತಿ ಉದ್ದದ ಮತ್ತು ಅತಿ ಗಿಡ್ಡ ತ್ರಿಜ್ಯಗಳಿಗೆ ಇರುವ ವ್ಯತ್ಯಾಸ ಇಂದಿನ ಅಳತೆಯಲ್ಲಿ ಸುಮಾರು 70 ಮೀಟರ್. ಆರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ತ್ರಿಜ್ಯದಲ್ಲಿ ಎಪ್ಪತ್ತು ಮೀಟರ್! ಅಷ್ಟು ಸಾಕು, ಉಪಗ್ರಹವನ್ನು ಜಾರಿಸಲು.

ಹೀಗಾಗಿ ಆ ಕಕ್ಷೆಯಲ್ಲಿ ಎರಡು ಸ್ಥಿರ ಬಿಂದುಗಳಿವೆ. ಒಂದು 105 ಡಿಗ್ರಿ ಪಶ್ಚಿಮ ರೇಖಾಂಶದ ಹತ್ತಿರ, ಇನ್ನೊಂದು 75 ಡಿಗ್ರಿ ಪೂರ್ವದ ಹತ್ತಿರ. ಈ ಎರಡನೆಯ ರೇಖೆ ನಮ್ಮ ದಕ್ಷಿಣ ಕನ್ನಡದ ಮೇಲೇ ಹಾದುಹೋಗುತ್ತದೆ, ಹಾಸನ ಅದರಿಂದ ಒಂದು ಡಿಗ್ರಿಯಷ್ಟು ಪೂರ್ವಕ್ಕಿದೆ ಅಷ್ಟೆ. ಇಂಧನ ಮುಗಿದು ಕೈಬಿಟ್ಟುಹೋದ ಹಳೆಯ ಉಪಗ್ರಹಗಳಲ್ಲಿ ಕೆಲವು ಈ ರೇಖೆಯ ಆಚೆಗೂ ಈಚೆಗೂ ವರ್ಷಗಟ್ಟಲೆ ತೂಗುತ್ತಿರುತ್ತವೆ.

ಹಾಸನದ ಕೇಂದ್ರ ಶುರುವಾದದ್ದು 1982ರಲ್ಲಿ, ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನೋಡಿಕೊಳ್ಳಲು. ಅಲ್ಲಿನ ಕೆಲಸ ಏನೆಂದು ತಿಳಿಯಲು 93.5 ಡಿಗ್ರಿಯ ಉಪಗ್ರಹವನ್ನೇ ತೆಗೆದುಕೊಳ್ಳೋಣ. ಅದಕ್ಕೆ ಎರಡೂ ಕಡೆ 0.1 ಡಿಗ್ರಿ ಓಡಾಡಲು ಅವಕಾಶ ಇದೆ ಎಂದಿಟ್ಟುಕೊಳ್ಳಿ. ಅಂದರೆ ಒಟ್ಟು 0.2 ಡಿಗ್ರಿ ಅಗಲದ ಅಂಗಳ. ಕೇಳಲು ಚಿಕ್ಕದು. ಆ ಎತ್ತರದಲ್ಲಿ 0.2 ಡಿಗ್ರಿ ಎಂದರೆ ಸುಮಾರು 147 ಕಿ.ಮೀ., ಹಾಸನದಿಂದ ಮೈಸೂರಿಗೆ ಹೋಗಿ ಇನ್ನೂ ಮುಂದಕ್ಕೆ ಹೋದಷ್ಟು. ಈ ಜಾಗದಲ್ಲಿ ಸ್ಥಿರ ಬಿಂದುವಿನ ಕಡೆಗಿನ, ಅಂದರೆ ಪಶ್ಚಿಮದ ಕಡೆಗಿನ ವೇಗೋತ್ಕರ್ಷ ಹತ್ತಿರ ಹತ್ತಿರ 0.001 ಡಿಗ್ರಿ. ಒಂದು ದಿನ ಕಳೆದರೆ ಪಶ್ಚಿಮದ ಕಡೆಯ ವೇಗ ದಿನಕ್ಕೆ 0.001 ಡಿಗ್ರಿಯಷ್ಟು ಹೆಚ್ಚುತ್ತದೆ ಎಂದರ್ಥ. ಅಂಗಳ ಚಿಕ್ಕದಾದ್ದರಿಂದ ಅದರೊಳಗೆ ಇದನ್ನು ಬದಲಾಗದ ಸಂಖ್ಯೆ ಎಂದೇ ಹಿಡಿಯಬಹುದು.

ಉಪಗ್ರಹವನ್ನು ಒಂದೇ ಕಡೆ ಹಿಡಿದು ನಿಲ್ಲಿಸಲಾಗದು. ಜಾಣತನವೆಂದರೆ ಅಂಗಳದ ಪಶ್ಚಿಮದ ಅಂಚಿನಲ್ಲಿ ನಿಂತು ಪೂರ್ವಕ್ಕೆ ಲೆಕ್ಕ ಮಾಡಿ ನೂಕುವುದು. ಏರುದಾರಿಯಲ್ಲಿ ಹೋದಂತೆ ಅದು ನಿಧಾನವಾಗುತ್ತ ಪೂರ್ವದ ಅಂಚಿನಲ್ಲಿ ನಿಂತು ಹಿಂತಿರುಗಬೇಕು. ಆ ನೂಕು ದಿನಕ್ಕೆ 0.02 ಡಿಗ್ರಿ. ಪಶ್ಚಿಮದ ಅಂಚಿನಿಂದ ಅಳೆದ ಸ್ಥಾನವನ್ನು x ಎನ್ನೋಣ, t ದಿನಗಳ ಲೆಕ್ಕ, ಪೂರ್ವ ದಿಕ್ಕು ಧನ:

x = 0.02t − 0.0005t²
v = 0.02 − 0.001t
a = −0.001

ವೇಗ ಸೊನ್ನೆಯಾಗುವುದು 20ನೇ ದಿನ. ಆಗ ಸ್ಥಾನ 0.2 ಡಿಗ್ರಿ, ಸರಿಯಾಗಿ ಪೂರ್ವದ ಅಂಚು. 40ನೇ ದಿನ ಸ್ಥಾನ ಮತ್ತೆ ಸೊನ್ನೆ. ಈಗ 30ನೇ ದಿನದ ಪ್ರಶ್ನೆ ಕೇಳೋಣ. ಸೂತ್ರಕ್ಕೆ 30 ಹಾಕಿದರೆ 0.15 ಬರುತ್ತದೆ. ಅದು ಸ್ಥಾನಪಲ್ಲಟ, ಸುಮಾರು 110 ಕಿ.ಮೀ. ಅದನ್ನೇ ಕ್ರಮಿಸಿದ ದೂರ ಎಂದು ಬರೆದರೆ ತಪ್ಪು. ಉಪಗ್ರಹ ಮೊದಲು 0.2 ಡಿಗ್ರಿ ಹೋಗಿದೆ, ಆಮೇಲೆ 0.05 ಹಿಂದೆ ಬಂದಿದೆ. ದೂರ 0.25 ಡಿಗ್ರಿ, ಸುಮಾರು 184 ಕಿ.ಮೀ. ನಲವತ್ತನೇ ದಿನಕ್ಕಂತೂ ಸ್ಥಾನಪಲ್ಲಟ ಸೊನ್ನೆ, ದೂರ 0.4 ಡಿಗ್ರಿ. ದೂರ ಬೇಕಾದರೆ ಮೊದಲು ವೇಗ ಸೊನ್ನೆಯಾದ ಗಳಿಗೆಯನ್ನು ಹುಡುಕಿ, ಅಲ್ಲಿ ಲೆಕ್ಕವನ್ನು ಎರಡಾಗಿ ಮುರಿದು, ಎರಡನ್ನೂ ಧನವಾಗಿಯೇ ಕೂಡಬೇಕು. ಇನ್ನೂ ಒಂದು ಗಮನಿಸಿ: 20ನೇ ದಿನ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಾಗುವುದಿಲ್ಲ, ಅದು ಅಷ್ಟೇ ಇದೆ. ಅದಿಲ್ಲದಿದ್ದರೆ ಉಪಗ್ರಹ ಹಿಂತಿರುಗುತ್ತಲೇ ಇರಲಿಲ್ಲ.

ಕಾಗದದ ಮೇಲೆ ಇಷ್ಟು ಚೊಕ್ಕ. ಹಾಸನದ ಆಂಟೆನಾಗೆ ಕಾಣುವುದು ಇಷ್ಟು ಚೊಕ್ಕವಾಗಿರುವುದಿಲ್ಲ. ಸಂಕೇತವೊಂದನ್ನು ಮೇಲೆ ಕಳಿಸಿ, ಅದು ಮರಳಿ ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುವುದು ಅಳತೆಯ ಮುಖ್ಯ ದಾರಿ. ಈ ಉಪಗ್ರಹ ಹಾಸನದಿಂದ ಸುಮಾರು 36,300 ಕಿ.ಮೀ. ದೂರದಲ್ಲಿದೆ, ಸಂಕೇತ ಹೋಗಿ ಬರಲು 0.24 ಸೆಕೆಂಡ್. ಉಪಗ್ರಹ 0.1 ಡಿಗ್ರಿ ಪೂರ್ವಕ್ಕೆ ಸರಿದರೆ ಆ ದೂರ ಹೆಚ್ಚುವುದು ನಾಲ್ಕು ಕಿಲೋಮೀಟರಿಗಿಂತ ತುಸು ಕಡಿಮೆ. ಅಷ್ಟು ಸೂಕ್ಷ್ಮವನ್ನು ಗುರುತಿಸುವುದು ಕಷ್ಟವಲ್ಲ. ಕಷ್ಟ ಬೇರೆ ಇದೆ. ಕಕ್ಷೆ ಎಂದೂ ಪೂರ್ತಿ ವೃತ್ತವಾಗಿರುವುದಿಲ್ಲ, ಸೂರ್ಯನ ಬೆಳಕಿನ ಒತ್ತಡವೇ ಅದನ್ನು ಸ್ವಲ್ಪ ಅಂಡಾಕಾರ ಮಾಡುತ್ತಿರುತ್ತದೆ. ಉತ್ಕೇಂದ್ರತೆ 0.0003 ಇದ್ದರೂ ಉಪಗ್ರಹ ದಿನಕ್ಕೊಮ್ಮೆ 12 ಕಿಲೋಮೀಟರಿನಷ್ಟು ಮೇಲೆ, ಅಷ್ಟೇ ಕೆಳಗೆ ಏರಿಳಿಯುತ್ತದೆ. ಜೊತೆಗೆ ಪೂರ್ವಕ್ಕೂ ಪಶ್ಚಿಮಕ್ಕೂ 0.03 ಡಿಗ್ರಿ ತೂಗುತ್ತದೆ. ನಾಲ್ಕು ಕಿಲೋಮೀಟರಿನ ಸುದ್ದಿ ಹನ್ನೆರಡು ಕಿಲೋಮೀಟರಿನ ಏರಿಳಿತದಲ್ಲಿ ಮುಳುಗುತ್ತದೆ. ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ಅಳೆದವರಿಗೆ ಉಪಗ್ರಹ ಓಡಿಹೋಗುತ್ತಿರುವಂತೆ ಕಾಣಬಹುದು, ಸಂಜೆ ಅದೇ ವಾಪಸು ಬರುವಂತೆ ಕಾಣಬಹುದು. ಇಡೀ ಒಂದು ದಿನ ಅಳೆದು, ದಿನದ ತೂಗಾಟವನ್ನು ಕಳೆದ ಮೇಲೆ ಉಳಿಯುವ ನಡುಬಿಂದುವಿನ ಚಲನೆಯೇ ನಿಜವಾದ ಜಾರುವಿಕೆ. ಮೇಲಿನ ಸೂತ್ರ ಹೇಳಿದ್ದು ಆ ನಡುಬಿಂದುವಿನ ಕಥೆ.

ಇಲ್ಲೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ತರಗತಿಯಲ್ಲಿ ಇದರ ಮಾತೇ ಬರುವುದಿಲ್ಲ. ದಿನದ ತೂಗಾಟವನ್ನೂ ಸೇರಿಸಿ ಕೂಡಿದರೆ ನಲವತ್ತು ದಿನದಲ್ಲಿ ಪೂರ್ವ–ಪಶ್ಚಿಮವಾಗಿ ಕ್ರಮಿಸಿದ ದೂರ 0.4 ಡಿಗ್ರಿ ಅಲ್ಲ, ಐದು ಡಿಗ್ರಿ ದಾಟುತ್ತದೆ. ನಕ್ಷತ್ರಗಳಿಂದ ನೋಡಿದರೆ ಒಂದು ಕೋಟಿ ಕಿಲೋಮೀಟರ್ ಮೀರುತ್ತದೆ. ಎಷ್ಟು ಸೂಕ್ಷ್ಮವಾಗಿ ನೋಡುತ್ತೀರಿ, ಎಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ದೂರ ಬದಲಾಗುತ್ತದೆ. ಆದ್ದರಿಂದ ಯಾರ ಲೆಕ್ಕದಲ್ಲಿ ಎಂದು ಹೇಳದೆ ‘ಉಪಗ್ರಹ ಇಷ್ಟು ದೂರ ಹೋಯಿತು’ ಎಂದರೆ ಆ ವಾಕ್ಯ ಅರ್ಧವೇ.

ನಲವತ್ತನೇ ದಿನ ಉಪಗ್ರಹ ಪಶ್ಚಿಮದ ಅಂಚಿಗೆ ಬಂದಾಗ ಅದರ ವೇಗ ಪಶ್ಚಿಮಕ್ಕೆ ದಿನಕ್ಕೆ 0.02 ಡಿಗ್ರಿ. ಬೇಕಿರುವುದು ಪೂರ್ವಕ್ಕೆ 0.02. ಬದಲಾವಣೆ 0.04. ಇದಕ್ಕಾಗಿ ಹಾಸನದಿಂದ ಆಜ್ಞೆ ಹೋಗಿ ಥ್ರಸ್ಟರ್ ಉರಿಯುತ್ತದೆ. ವಿಚಿತ್ರವೆಂದರೆ, ಪೂರ್ವಕ್ಕೆ ಕಳಿಸಲು ಉಪಗ್ರಹವನ್ನು ಪಶ್ಚಿಮಕ್ಕೆ ನೂಕಬೇಕು. ವೇಗ ತಗ್ಗಿದರೆ ಅದು ಒಳಗಿನ ಚಿಕ್ಕ ಕಕ್ಷೆಗೆ ಇಳಿಯುತ್ತದೆ, ಅಲ್ಲಿ ಸುತ್ತು ಬೇಗ ಮುಗಿಯುತ್ತದೆ, ಹಾಗಾಗಿ ಭೂಮಿಗಿಂತ ಮುಂದೆ, ಪೂರ್ವಕ್ಕೆ ಸಾಗುತ್ತದೆ. ದಿನಕ್ಕೆ 0.02 ಡಿಗ್ರಿ ಪೂರ್ವಕ್ಕೆ ಹೋಗಲು ಸರಿಯಾದ ಕಕ್ಷೆಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗಿದ್ದರೆ ಸಾಕು. ಬೇಕಾಗುವ ವೇಗದ ಬದಲಾವಣೆ ಸೆಕೆಂಡಿಗೆ 11 ಸೆಂಟಿಮೀಟರ್ ಮಾತ್ರ. ಎರಡು ಟನ್ ತೂಕದ ಉಪಗ್ರಹಕ್ಕೆ ಇದು ಎಂಬತ್ತು ಗ್ರಾಂ ಇಂಧನದ ಕೆಲಸ.

ಟಿಕೆಟ್ ಹಣದ ಮಾತು ಬರುವುದು ಇಲ್ಲಿ. ಕಕ್ಷೆಯಲ್ಲಿ ಸುತ್ತಿದ ಕೋಟಿ ಕಿಲೋಮೀಟರಿಗೆ ಇಂಧನವೇ ಬೇಡ, ಗುರುತ್ವವೇ ಸುತ್ತಿಸುತ್ತದೆ. ಇಂಧನ ಖರ್ಚಾಗುವುದು ನಾವು ಮಾಡುವ ಪ್ರತಿಯೊಂದು ವೇಗದ ಬದಲಾವಣೆಗೆ. ಈ ಲೆಕ್ಕದಲ್ಲಿ ಋಣ ಚಿಹ್ನೆ ಇಲ್ಲ. ಇಂದು ಪಶ್ಚಿಮಕ್ಕೆ ಹೆಚ್ಚು ನೂಕಿ, ತಪ್ಪು ತಿಳಿದು ನಾಳೆ ಪೂರ್ವಕ್ಕೆ ಅಷ್ಟೇ ನೂಕಿದರೆ ಉಪಗ್ರಹದ ವೇಗ ಮೊದಲಿನಂತೆಯೇ ಇರುತ್ತದೆ, ಟ್ಯಾಂಕು ಮಾತ್ರ ಎರಡೂ ಸಲದ್ದನ್ನು ಕಳೆದುಕೊಂಡಿರುತ್ತದೆ. ಸ್ಥಾನಪಲ್ಲಟಕ್ಕೂ ದೂರಕ್ಕೂ ಇರುವ ವ್ಯತ್ಯಾಸ ಇಲ್ಲಿ ವೇಗದ ಮಟ್ಟದಲ್ಲಿ ಮರುಕಳಿಸುತ್ತದೆ, ಉಪಗ್ರಹದ ಆಯಸ್ಸನ್ನು ನಿರ್ಧರಿಸುವುದು ಒಟ್ಟು ಮೊತ್ತವೇ. ಪೂರ್ವ–ಪಶ್ಚಿಮದ ಈ ಕೆಲಸಕ್ಕೆ ವರ್ಷಕ್ಕೆ ಸೆಕೆಂಡಿಗೆ ಒಂದು ಮೀಟರಿನಷ್ಟು ಬದಲಾವಣೆ ಸಾಕು. ಆದರೆ ಸೂರ್ಯ ಚಂದ್ರರು ಕಕ್ಷೆಯನ್ನು ಉತ್ತರ–ದಕ್ಷಿಣವಾಗಿ ಓರೆ ಮಾಡುವುದನ್ನು ಸರಿಪಡಿಸಲು ವರ್ಷಕ್ಕೆ 50 ಮೀಟರಿನಷ್ಟು ಬೇಕು. ಅದೇ ಎರಡು ಟನ್ನಿನ ಉಪಗ್ರಹಕ್ಕೆ ಇದು ವರ್ಷಕ್ಕೆ 35 ಕಿಲೋ ಇಂಧನ.

ಈ ಲೆಕ್ಕದ ಕಠಿಣ ಪಾಠ ಹಾಸನಕ್ಕೆ ಮೊದಲ ವರ್ಷವೇ ಸಿಕ್ಕಿತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಏಳು ವರ್ಷ ಬಾಳಬೇಕಿತ್ತು. ಸೂರ್ಯನ ಬೆಳಕಿನ ಒತ್ತಡವನ್ನು ಸರಿದೂಗಿಸಬೇಕಿದ್ದ ಅದರ ಸೌರ ಹಾಯಿ ಬಿಚ್ಚಿಕೊಳ್ಳಲಿಲ್ಲ. ಉಪಗ್ರಹದ ಮುಖವನ್ನು ಭೂಮಿಯ ಕಡೆಗೇ ಹಿಡಿದಿಡುವ ಕೆಲಸದಲ್ಲಿ ಇಂಧನ ಮುಗಿದು, ಆ ಸೆಪ್ಟೆಂಬರಿನಲ್ಲೇ ಅದನ್ನು ಕೈಬಿಡಬೇಕಾಯಿತು. ಅದಿದ್ದದ್ದು 74 ಡಿಗ್ರಿ ಪೂರ್ವದಲ್ಲಿ, ಸ್ಥಿರ ಬಿಂದುವಿನ ಮಗ್ಗುಲಲ್ಲೇ. ಜಾರುವಿಕೆ ಅಲ್ಲಿ ಬಹಳ ಕಡಿಮೆ. ಜಾಗ ಒಳ್ಳೆಯದಿದ್ದೂ ಉಪಗ್ರಹ ಉಳಿಯಲಿಲ್ಲ. ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೊರಟ ಇನ್ಸಾಟ್-1ಬಿ ಅದೇ ಜಾಗಕ್ಕೆ ಬಂದಿತು, ಸೌರ ಫಲಕ ಬಿಚ್ಚಿಕೊಳ್ಳದೆ ಮೊದಲು ಕಾಡಿ ಆಮೇಲೆ ಸರಿಯಾಗಿ, ವರ್ಷಗಳ ಕಾಲ ದೇಶದ ದೂರವಾಣಿ, ದೂರದರ್ಶನ, ಹವಾಮಾನದ ಕೆಲಸ ಮಾಡಿತು.

ಹಾಸನ ಜಿಲ್ಲೆಯ ಪಿಯು ಉಪನ್ಯಾಸಕರಲ್ಲಿ ಒಂದು ವಿನಂತಿ. ಹೆಸರಿಲ್ಲದ ಕಣದ ಬದಲು ಈ ಉಪಗ್ರಹವನ್ನೇ ಹಲಗೆಯ ಮೇಲೆ ಬರೆಯಿರಿ. 83 ಡಿಗ್ರಿ ಪೂರ್ವದಲ್ಲಿ ವೇಗೋತ್ಕರ್ಷ ಸುಮಾರು 0.00046. ಅಷ್ಟೇ ಅಗಲದ ಅಂಗಳದಲ್ಲಿ ಹೋಗಿ ಬರಲು ಎಷ್ಟು ದಿನ ಬೇಕು, ಅದರ ಮುಕ್ಕಾಲು ಹೊತ್ತು ಕಳೆದಾಗ ದೂರ ಎಷ್ಟು, ಸ್ಥಾನಪಲ್ಲಟ ಎಷ್ಟು ಎಂದು ಮಕ್ಕಳನ್ನು ಕೇಳಿ. ಹೋಗಿ ಬರುವ ಅವಧಿ 59 ದಿನದ ಹತ್ತಿರ ಬರುತ್ತದೆ. ಉಳಿದೆರಡು ಉತ್ತರ ಬದಲಾಗುವುದಿಲ್ಲ, 0.25 ಮತ್ತು 0.15 ಡಿಗ್ರಿಯೇ.