ಕಿಲೋ ಅಲ್ಲ, ಶೇಕಡಾ

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಗಂಡ ನಿವೃತ್ತ ಬಸ್ ಕಂಡಕ್ಟರ್, ವಯಸ್ಸು 64. ಸಂಕ್ರಾಂತಿಯ ಹೊತ್ತಿಗೆ ಅವರ ತೂಕ 72 ಕಿಲೋ. ಬಿ.ಪಿ. ಮಾತ್ರೆಗೆಂದು ಕ್ಲಿನಿಕ್‌ಗೆ ಹೋದಾಗ ನರ್ಸ್ ಚೀಟಿಯಲ್ಲಿ ಬರೆದಿಟ್ಟಿದ್ದಾರೆ. ಆಷಾಢದಲ್ಲಿ ನೋಡಿದರೆ 64.5. ಈ ನಡುವೆ ನಡೆದ ಮದುವೆ ಮನೆಯಲ್ಲಿ ನೆಂಟರೆಲ್ಲ, ‘ಏನು ಭಾವ, ಸಣ್ಣಗಾಗಿಬಿಟ್ಟಿದ್ದೀರಲ್ಲ, ದಿನಾ ವಾಕಿಂಗಾ?’ ಎಂದು ಮೆಚ್ಚಿಕೊಂಡಿದ್ದರು. ವಾಕಿಂಗ್ ಏನೂ ಇರಲಿಲ್ಲ. ಊಟ ಸೇರುತ್ತಿರಲಿಲ್ಲ, ಅಷ್ಟೆ.

ಅವರ ಎತ್ತರ 165 ಸೆಂಟಿಮೀಟರ್. ಎತ್ತರ ಮತ್ತು ತೂಕ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಬಿಎಂಐ ಆಗ 26 ದಾಟಿತ್ತು, ಈಗ 23.7ಕ್ಕೆ ಇಳಿದಿದೆ. ಪಟ್ಟಿಯ ಪ್ರಕಾರ ಅವರು ಅಪೌಷ್ಟಿಕತೆಯ ಹತ್ತಿರಕ್ಕೂ ಬಂದಿಲ್ಲ. ಆದರೆ ಆಸ್ಪತ್ರೆಯ ಆಹಾರತಜ್ಞರು ಇನ್ನೊಂದು ಲೆಕ್ಕ ಮಾಡುತ್ತಾರೆ. ಎಂದಿನ ತೂಕದಲ್ಲಿ ಈಗಿನ ತೂಕವನ್ನು ಕಳೆದು, ಉಳಿದದ್ದನ್ನು ಎಂದಿನ ತೂಕದಿಂದಲೇ ಭಾಗಿಸಿ, ನೂರರಿಂದ ಗುಣಿಸುತ್ತಾರೆ. 72ರಲ್ಲಿ 7.5 ಹೋಗಿದೆ, ಅಂದರೆ ಶೇ. 10.4. ಬೇಕೆಂದು ಇಳಿಸದೆ ಆರು ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ತೂಕ ಇಳಿದರೆ ಅದು ತೀವ್ರ ಇಳಿಕೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ‘ಮಸ್ಟ್’ ಎಂಬ ಪರೀಕ್ಷಾ ಪಟ್ಟಿಯಲ್ಲಿ ಈ ಒಂದೇ ಕಾರಣಕ್ಕೆ ಎರಡು ಅಂಕ ಸಿಗುತ್ತದೆ. ಎರಡು ಅಂಕ ಎಂದರೆ ಹೆಚ್ಚಿನ ಅಪಾಯ.

ಅವರ ಹೆಂಡತಿ 46 ಕಿಲೋ. ನೋಡಿದವರು ‘ಕಡ್ಡಿ’ ಅನ್ನುತ್ತಾರೆ. ಆದರೆ ಹತ್ತು ವರ್ಷದಿಂದ ಅವರ ತೂಕ ಅಷ್ಟೇ ಇದೆ. ಹೀಗಾಗಿ ಕಾಳಜಿ ಬೇಕಿರುವುದು ಮೈತುಂಬಿದಂತೆ ಕಾಣುವ ಗಂಡನ ಬಗ್ಗೆ. ಅದೇ ಏಳೂವರೆ ಕಿಲೋ ಹೆಂಡತಿಯಿಂದ ಇಳಿದಿದ್ದರೆ ಶೇ. 16 ಆಗುತ್ತಿತ್ತು. ಕಿಲೋ ಲೆಕ್ಕ ಇಬ್ಬರಿಗೂ ಒಂದೇ ಅರ್ಥ ಕೊಡುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಈ ಶೇಕಡಾ ಲೆಕ್ಕಕ್ಕೆ ಬೆಲೆ ತಂದುಕೊಟ್ಟ ಹಳೆಯ ಲೇಖನ 1936ರದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ, ಹೊಟ್ಟೆಯ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರು ಯಾಕೆ ಸಾಯುತ್ತಾರೆ ಎಂದು ಹುಡುಕುತ್ತಿದ್ದರು. ವಯಸ್ಸು, ಹೃದಯ ಮತ್ತು ಶ್ವಾಸಕೋಶದ ಸ್ಥಿತಿ, ಶಸ್ತ್ರಚಿಕಿತ್ಸೆಯ ಬಗೆ ಎಲ್ಲವನ್ನೂ ನೋಡಿದರು. ಕೊನೆಗೆ ಎದ್ದು ಕಂಡದ್ದು ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿ ಕಳೆದುಕೊಂಡಿದ್ದ ತೂಕ. ಎಂದಿನ ತೂಕದಲ್ಲಿ ಶೇ. 20ಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು. ಅಷ್ಟು ಇಳಿಯದವರಲ್ಲಿ ಸಾವು ಶೇ. 3.5. ರೋಗಿಗಳ ಸಂಖ್ಯೆ ಐವತ್ತೂ ಮೀರದ ಸಣ್ಣ ಅಧ್ಯಯನ ಅದು. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸಲಾಗಲಿಲ್ಲ.

ಕಾಯಿಲೆಯಲ್ಲಿ ಇಳಿಯುವ ತೂಕ ಬರಿಯ ಕೊಬ್ಬಿನದಲ್ಲ, ಅದೇ ತೊಂದರೆ. ಸೋಂಕು, ಕ್ಯಾನ್ಸರ್‌ನಂಥ ಕಾಯಿಲೆಗಳಲ್ಲಿ ದೇಹದೊಳಗಿನ ಉರಿಯೂತ ಸ್ನಾಯುಗಳನ್ನೇ ಕರಗಿಸಿ ತಿನ್ನುತ್ತದೆ. ಕೆಮ್ಮಿ ಕಫ ಹೊರಹಾಕುವ ಶಕ್ತಿ, ಹಾಸಿಗೆಯಿಂದ ಏಳುವ ಶಕ್ತಿ, ಗಾಯ ಮಾಯುವ ವೇಗ ಎಲ್ಲವೂ ಕುಗ್ಗುತ್ತವೆ. ದಪ್ಪಗಿರುವವರಲ್ಲಿ ಇದು ಕೊಬ್ಬಿನ ಮರೆಯಲ್ಲಿ ನಡೆಯುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಶೇಕಡಾ ಜೊತೆಗೆ ಕಾಲವೂ ಬೇಕು. ಶೇ. 5 ಇಳಿಕೆ ಒಂದು ತಿಂಗಳಲ್ಲಾದರೆ ಒಂದು ಅರ್ಥ, ಒಂದು ವರ್ಷದಲ್ಲಾದರೆ ಇನ್ನೊಂದು. ವೈದ್ಯರು ಬಹಳ ಕಾಲದಿಂದ ಬಳಸುತ್ತಿರುವ ಅಂದಾಜು ಮೆಟ್ಟಿಲುಗಳು ಹೀಗಿವೆ: ಒಂದು ತಿಂಗಳಿಗೆ 5, ಮೂರು ತಿಂಗಳಿಗೆ 7.5, ಆರು ತಿಂಗಳಿಗೆ 10. ನಮ್ಮ ಕಂಡಕ್ಟರ್ ಮೇ ತಿಂಗಳಲ್ಲಿ ಒಮ್ಮೆ ತೂಕ ನೋಡಿಸಿದ್ದರೆ 69 ಇರುತ್ತಿತ್ತು ಎಂದುಕೊಳ್ಳಿ. ನಾಲ್ಕು ತಿಂಗಳಲ್ಲಿ ಶೇ. 4ರ ಆಸುಪಾಸು, ಯಾರೂ ಗಾಬರಿಯಾಗುವಂತಿಲ್ಲ. ಮುಂದಿನ ಎರಡೇ ತಿಂಗಳಲ್ಲಿ ಮತ್ತೆ ನಾಲ್ಕೂವರೆ ಕಿಲೋ ಹೋಗಿದೆ. ಇಳಿಕೆ ವೇಗ ಹಿಡಿದಿದೆ ಎನ್ನುವುದು ಆ ನಡುವಿನ ಒಂದು ಅಂಕಿಯಿಂದ ಮಾತ್ರ ಗೊತ್ತಾಗುತ್ತದೆ.

ಲೆಕ್ಕ ಸುಲಭ, ಆದರೆ ‘ಎಂದಿನ ತೂಕ’ ಸಿಗುವುದು ಕಷ್ಟ. ನಮ್ಮಲ್ಲಿ ಎಷ್ಟೋ ಹಿರಿಯರು ವರ್ಷಗಟ್ಟಲೆ ತೂಕದ ಯಂತ್ರ ಹತ್ತಿರುವುದಿಲ್ಲ. ಆಗ ಹಳೆಯ ಚೀಟಿಗಳನ್ನು ಹುಡುಕಬೇಕು: ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾರ್ಡ್, ವಿಮೆಗೆ ಮಾಡಿಸಿದ ತಪಾಸಣೆ. ಅದೂ ಇಲ್ಲದಿದ್ದರೆ ಮೈಮೇಲಿನ ವಸ್ತುಗಳನ್ನು ಕೇಳಬೇಕು. ಬೆಲ್ಟಿಗೆ ಹೊಸ ತೂತು ಮಾಡಿಸಿದರೇ? ಉಂಗುರ ಕೈ ತೊಳೆಯುವಾಗ ಜಾರುತ್ತಿದೆಯೇ? ರವಿಕೆಯನ್ನು ಹಿಡಿಸಲು ಕೊಟ್ಟರೇ? ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಯಿತೇ? ತೋಳಿನ ನಡುಭಾಗದ ಸುತ್ತಳತೆ 23.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಬಿಎಂಐ 20ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು. ತೂಕ ನೋಡಲಾಗದ, ಹಾಸಿಗೆ ಹಿಡಿದವರಿಗೆ ಈ ಟೇಪು ನೆರವಾಗುತ್ತದೆ.

ಲೆಕ್ಕ ತಪ್ಪುವ ಒಂದು ಕಡೆ ಭಾಗಿಸುವಾಗ. 60 ಕಿಲೋದವರು 54.4ಕ್ಕೆ ಬಂದರೆ ಇಳಿಕೆ ಶೇ. 9.3. ಕೈತಪ್ಪಿ ಈಗಿನ ತೂಕದಿಂದ ಭಾಗಿಸಿದರೆ 10.3 ಬಂದು, ಗೆರೆಯ ಆಚೆಗೆ ಹೋಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ಮೋಸ ನೀರಿನದು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟ ಎರಡು ದಿನದಲ್ಲಿ ಎರಡು ಕಿಲೋ ಹೋದರೆ ಅದು ಮಾಂಸ ಕರಗಿದ್ದಲ್ಲ. ತದ್ವಿರುದ್ಧವೂ ಆಗುತ್ತದೆ, ಅದು ಇನ್ನೂ ಅಪಾಯ. ಲಿವರ್ ಕೆಟ್ಟು ಜಲೋದರವಾದ ರೋಗಿಯ ತೂಕ ಆರು ತಿಂಗಳಿಂದ 60ರಲ್ಲೇ ನಿಂತಿರಬಹುದು. ಹೊಟ್ಟೆಯಲ್ಲಿ ಐದು ಲೀಟರ್ ನೀರಿದ್ದರೆ ನಿಜವಾದ ತೂಕ 55. ಶೇ. 8ಕ್ಕಿಂತ ಹೆಚ್ಚು ಇಳಿದಿದ್ದರೂ ಯಂತ್ರ ಏನನ್ನೂ ಹೇಳಿಲ್ಲ. ಅಂಥವರಲ್ಲಿ ಅನುಭವಿ ವೈದ್ಯರು ಕೆನ್ನೆಯ ಮೇಲಿನ ಕಪೋಲದ ಗುಳಿ, ಭುಜದ ಮೂಳೆ, ತೊಡೆಯ ಸ್ನಾಯು ನೋಡಿ ನಿರ್ಧರಿಸುತ್ತಾರೆ.

ಶೇಕಡಾ ಇಳಿಕೆ ಕಾರಣವನ್ನು ಹೇಳುವುದಿಲ್ಲ. ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕ್ಷಯ, ಕ್ಯಾನ್ಸರ್, ಖಿನ್ನತೆ, ಅಗಿಯಲಾಗದ ಹಲ್ಲು, ಹಸಿವು ಕೆಡಿಸುವ ಮಾತ್ರೆ, ಯಾವುದೂ ಇರಬಹುದು. ತಪಾಸಣೆಗಳೆಲ್ಲ ಮುಗಿದ ಮೇಲೂ ಸುಮಾರು ಕಾಲು ಭಾಗದಷ್ಟು ಜನರಲ್ಲಿ ಕಾರಣ ಸಿಗುವುದಿಲ್ಲ. ಅಂಥವರನ್ನು ಕೈಬಿಡದೆ ಕೆಲವು ತಿಂಗಳು ತೂಕದ ಮೇಲೆ ಕಣ್ಣಿಟ್ಟಿರಬೇಕು.

ಈ ಲೆಕ್ಕವನ್ನು ತಿರುಗಿಸಿ, ಏರಿಕೆಗೂ ಬಳಸಬಹುದು ಎಂದು ತೋರಿಸಿದವರಲ್ಲಿ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಇದ್ದಾರೆ. ಅವರು ಪಾಲ್ಗೊಂಡು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನದಲ್ಲಿ 2,800 ಕ್ಷಯರೋಗಿಗಳಿಗೆ ಔಷಧಿಯ ಜೊತೆ ಪ್ರತಿ ತಿಂಗಳು ಆಹಾರ ಸಾಮಗ್ರಿಯ ಚೀಲ ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ಗುಣವಾಗುತ್ತಿರುವವರೇ ಚೆನ್ನಾಗಿ ಉಣ್ಣುತ್ತಾರೆ ಎಂಬ ಮಾತೂ ಇದರಲ್ಲಿ ಸೇರಿದೆ, ಆದ್ದರಿಂದ ಏರಿಕೆಯೊಂದೇ ಜೀವ ಉಳಿಸಿತು ಎನ್ನುವಂತಿಲ್ಲ. ಆದರೆ ಯಾರು ಅಪಾಯದಿಂದ ಹೊರಬರುತ್ತಿಲ್ಲ ಎಂದು ಎರಡನೇ ತಿಂಗಳಲ್ಲೇ ಗುರುತಿಸಲು ಆರೋಗ್ಯ ಕಾರ್ಯಕರ್ತೆಗೆ ಬೇಕಾದದ್ದು ಒಂದು ತೂಕದ ಯಂತ್ರ ಮತ್ತು ಮೊದಲ ದಿನ ಬರೆದಿಟ್ಟ ಅಂಕಿ. 40 ಕಿಲೋ ತೂಗುವ ರೋಗಿಗೆ ಆ ಶೇ. 5 ಎಂದರೆ ಎರಡು ಕಿಲೋ.